ಬೆಂಡೆ ಬೀಜ ಕೇಳುವ ಹದವೇ ಬೇರೆ

ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ಬಿತ್ತನೆಗೆ ಮುಂಚೆ ಅಪ್ಪ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟುತ್ತಿದ್ದರು. ಹೆಬ್ಬೆರಳಲ್ಲಿ ಒತ್ತಿದರೆ ಉಂಡೆ ಪುಡಿಯಾಗಬೇಕು. ಕೈಗೆ ಮೆತ್ತಿಕೊಂಡರೆ ಇನ್ನೂ ಒದ್ದೆ, ಉಂಡೆಯೇ ಕಟ್ಟದಿದ್ದರೆ ಮಳೆಗೆ ಕಾಯಬೇಕು. ಹದ ನೋಡುವುದು ಅಂದರೆ ನೀರು ನೋಡುವುದು. ಮಣ್ಣು ಎಷ್ಟು ಬೆಚ್ಚಗಿದೆ ಅಂತ ಯಾರೂ ನೋಡುತ್ತಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಭರಣಿ, ರೋಹಿಣಿ ಮಳೆಯ ಹೊತ್ತಿಗೆ ನಮ್ಮ ಮಣ್ಣು ಎಂಥ ಬೀಜಕ್ಕೂ ಸಾಕಾಗುವಷ್ಟು ಕಾದಿರುತ್ತದೆ.

ಅದೇ ಹದವನ್ನು ನಾನು ಅಮೆರಿಕದ ಓಹಿಯೊಗೆ ತಂದೆ. ಕೊಲಂಬಸ್‌ನಲ್ಲಿ ನಮ್ಮ ಹಿತ್ತಲಿನ ಪಾತಿಯಲ್ಲಿ ಮೇ 3ಕ್ಕೆ 24 ಬೆಂಡೆ ಬೀಜ ಊರಿದೆ. ಬಿಸಿಲು ಚೆನ್ನಾಗಿತ್ತು, ಮಧ್ಯಾಹ್ನ ಅಂಗಿ ತೋಳು ಮಡಚುವಷ್ಟು. ಉಂಡೆ ಕಟ್ಟಿ ನೋಡಿದೆ, ಹದ ಸರಿಯಾಗಿತ್ತು. ಹನ್ನೆರಡು ದಿನ ಕಳೆದರೂ ಒಂದೂ ಮೇಲೆ ಬರಲಿಲ್ಲ. ಬೆರಳಲ್ಲಿ ಕೆದಕಿ ತೆಗೆದರೆ ಬೀಜ ಉಬ್ಬಿತ್ತು, ಸಿಪ್ಪೆ ಲೋಳೆಯಾಗಿತ್ತು. ಹಿಸುಕಿದರೆ ಒಳಗಿನ ಬಿಳಿ ತಿರುಳು ಗಂಜಿಯಂತೆ ಹೊರಬಂತು, ಕೆಟ್ಟ ವಾಸನೆ ಬೇರೆ. ಫೋನಿನಲ್ಲಿ ಅಮ್ಮ, "ಬೀಜ ಹಳೇದಿತ್ತೇನಪ್ಪ?" ಅಂದರು. ಹಳೆಯದಲ್ಲ. ಹಳೆಯ ಬೀಜವಾಗಿದ್ದರೂ ಊರಲ್ಲಿ ನಾಲ್ಕಾದರೂ ಹುಟ್ಟುತ್ತಿದ್ದವು.

ಇಲ್ಲಿ ಆಗಿದ್ದು ಇಷ್ಟು. ತಣ್ಣನೆ ಮಣ್ಣಿನಲ್ಲೂ ಬೀಜ ನೀರು ಕುಡಿದು ಉಬ್ಬುತ್ತದೆ, ಅದಕ್ಕೆ ಬಿಸಿ ಜಾಸ್ತಿ ಬೇಕಿಲ್ಲ. ಆದರೆ ಮೊಳಕೆ ಮುಂದೆ ಸಾಗಲು ಬಿಸಿ ಬೇಕೇ ಬೇಕು. ಉಬ್ಬಿದ ಬೀಜ ಹಾಗೇ ಕೂತಿರುತ್ತದೆ, ಅದರಿಂದ ಸಕ್ಕರೆ ಅಂಶ ಸೋರುತ್ತದೆ. ಮಣ್ಣಿನ ಶಿಲೀಂಧ್ರಗಳಿಗೆ ಚಳಿಯ ತೊಂದರೆ ಇಲ್ಲ. ಅವು ಬಂದು ತಿನ್ನುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಹ್ಯಾರಿಂಗ್ಟನ್ ಅನ್ನುವ ಬೀಜ ವಿಜ್ಞಾನಿ ಮಾಡಿದ ಹಳೆಯ ಪಟ್ಟಿಯೊಂದನ್ನು ಇಲ್ಲಿನ ತೋಟಗಾರರು ಇವತ್ತಿಗೂ ಬಳಸುತ್ತಾರೆ. ಅದರ ಪ್ರಕಾರ ಮಣ್ಣು 15 ಡಿಗ್ರಿ ಸೆಲ್ಸಿಯಸ್ ಇದ್ದರೆ ಬೆಂಡೆ ಮೇಲೆ ಬರಲು 27 ದಿನ, 20 ಇದ್ದರೆ 17 ದಿನ, 25 ಇದ್ದರೆ 13 ದಿನ, 30 ಇದ್ದರೆ ಬರೀ 7 ದಿನ. ಊರಲ್ಲಿ ವಾರದೊಳಗೆ ಬೆಂಡೆ ತಲೆ ಎತ್ತುತ್ತಿದ್ದುದರ ಗುಟ್ಟು ಇದೇ. ಅದು ನಮ್ಮ ಕೈಗುಣ ಅಂದುಕೊಂಡಿದ್ದೆವು.

ಸರಿ, ಮಣ್ಣಿನ ಥರ್ಮಾಮೀಟರ್ ತಂದೆ. ಮೇಲೆ ದುಂಡನೆಯ ಮುಳ್ಳಿನ ಡಯಲ್, ಕೆಳಗೆ ಗೇಣುದ್ದದ ಸ್ಟೀಲ್ ಕಡ್ಡಿ. ಮೇ 16ರ ಮಧ್ಯಾಹ್ನ ಮೂರಕ್ಕೆ ಬೀಜ ಬೀಳುವಷ್ಟೇ ಆಳಕ್ಕೆ, ಅಂದರೆ ಎರಡೂವರೆ ಸೆಂಟಿಮೀಟರ್, ನೆಟ್ಟಗೆ ಚುಚ್ಚಿದೆ. 22 ತೋರಿಸಿತು. ಮತ್ತೆ 24 ಬೀಜ ಹಾಕಿದೆ. ಐದು ಮಾತ್ರ ಹುಟ್ಟಿದವು.

ಆ ಒಂದು ಓದಿನಲ್ಲಿ ಮೂರು ತಪ್ಪುಗಳಿದ್ದವು. ಇದನ್ನೇ ನಾನು ಎಲ್ಲರಿಗೂ ಹೇಳಬೇಕು ಅಂದುಕೊಂಡಿರುವುದು.

ಮೊದಲನೆಯದು ಕಡ್ಡಿಯದು. ಇಂಥ ಥರ್ಮಾಮೀಟರಿನಲ್ಲಿ ಬಿಸಿ ಗುರುತಿಸುವುದು ತುದಿ ಮಾತ್ರ ಅಲ್ಲ. ಒಳಗೆ ಎರಡು ಲೋಹ ಬೆಸೆದ ಸುರುಳಿ ಇರುತ್ತದೆ. ಅದು ತುದಿಯಿಂದ ಸುಮಾರು ಐದಾರು ಸೆಂಟಿಮೀಟರ್ ಮೇಲಿನವರೆಗೂ ಇರುತ್ತದೆ. ಎರಡೂವರೆ ಸೆಂಟಿಮೀಟರ್ ಮಾತ್ರ ಚುಚ್ಚಿದರೆ ಅರ್ಧ ಸುರುಳಿ ಗಾಳಿಯಲ್ಲೇ ಉಳಿಯುತ್ತದೆ. ಆಗ ಮುಳ್ಳು ತೋರಿಸುವುದು ಮಣ್ಣು ಮತ್ತು ಬಿಸಿಲಿನ ಗಾಳಿ ಎರಡರ ಬೆರಕೆ. ಪೂರ್ತಿ ಆಳಕ್ಕೆ ಚುಚ್ಚಿದರೂ ಆಗದು, ಅದು ಬೀಜಕ್ಕಿಂತ ಕೆಳಗಿನ ಮಣ್ಣಿನ ಲೆಕ್ಕ ಕೊಡುತ್ತದೆ. ಈಗ ನಾನು ಮಾಡುವುದು ಹೀಗೆ: ಕೈಗುದ್ದಲಿಯಿಂದ ಪಾತಿಯ ಅಂಚಿನ ಮಣ್ಣನ್ನು ಗೋಡೆಯಂತೆ ನೆಟ್ಟಗೆ ಕತ್ತರಿಸುತ್ತೇನೆ. ಬೀಜದ ಆಳದಲ್ಲಿ ಕಡ್ಡಿಯನ್ನು ಅಡ್ಡಕ್ಕೆ ತೂರಿಸುತ್ತೇನೆ. ಸುತ್ತ ಗಾಳಿ ಸಂದು ಉಳಿಯದಂತೆ ಮಣ್ಣು ಒತ್ತಿ, ಡಯಲ್ ಮೇಲೆ ನೆರಳು ಬೀಳುವ ಹಾಗೆ ಒಂದು ಹಲಗೆ ನಿಲ್ಲಿಸಿ, ಐದು ನಿಮಿಷ ಬಿಡುತ್ತೇನೆ. ಗಟ್ಟಿ ಮಣ್ಣಾದರೆ ಮೊದಲು ಸ್ಕ್ರೂಡ್ರೈವರ್‌ನಿಂದ ದಾರಿ ಮಾಡಿಕೊಳ್ಳಬೇಕು. ಡಯಲ್ ಹಿಡಿದು ಒತ್ತಿದರೆ ಮುಳ್ಳಿನ ಲೆಕ್ಕ ತಪ್ಪುತ್ತದೆ.

ಎರಡನೆಯದು ಉಪಕರಣದ್ದೇ. ಲೋಟದ ತುಂಬ ಪುಡಿ ಐಸು ಹಾಕಿ, ಸಂದುಗಳು ತುಂಬುವಷ್ಟು ಮಾತ್ರ ನೀರು ಸುರಿದು, ಕಲಕಿ, ಅದರೊಳಗೆ ಕಡ್ಡಿ ಇಡಿ. ಮುಳ್ಳು ಸೊನ್ನೆಗೆ ಬರಬೇಕು. ನನ್ನದು 3ರಲ್ಲಿ ನಿಂತಿತು. ಡಯಲ್ ಹಿಂದಿನ ನಟ್ಟನ್ನು ಸ್ವಲ್ಪ ತಿರುಗಿಸಿದ ಮೇಲೆ ಸರಿಹೋಯಿತು. ನಟ್ಟು ಇಲ್ಲದ ಥರ್ಮಾಮೀಟರ್ ಆದರೆ ಆ ಮೂರನ್ನು ಪ್ರತಿ ಸಲ ಕಳೆದುಕೊಂಡರೆ ಆಯಿತು.

ಮೂರನೆಯದು ಹೊತ್ತು. ಮಧ್ಯಾಹ್ನ ಮೂರಕ್ಕೆ ಮೇಲ್ಮಣ್ಣು ದಿನದಲ್ಲೇ ಅತಿ ಬಿಸಿ. ಬೀಜ ರಾತ್ರಿಯೂ ಅಲ್ಲೇ ಮಲಗಿರುತ್ತದೆ ಅಲ್ವಾ? ಬೆಳಿಗ್ಗೆ ಏಳರ ಸುಮಾರಿಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಓದಿ ಸರಾಸರಿ ನೋಡಬೇಕು. ಹಾಗೆ ನಾಲ್ಕೈದು ದಿನ. ಮಳೆ ಬಂದ ಕೂಡಲೆ, ನೀರು ಹಾಕಿದ ಕೂಡಲೆ ಓದಬಾರದು. ಬೆಂಡೆಗೆ ನಾನು ಬೆಳಗಿನ ಓದನ್ನೇ ಹೆಚ್ಚು ನಂಬುತ್ತೇನೆ. ಅದು 18 ದಾಟಿ ಅಲ್ಲೇ ನಿಲ್ಲಬೇಕು.

ಸರಿಯಾಗಿ ಓದಿದ ಮೇಲೆ ಬೆಳಿಗ್ಗೆ 12, ಮಧ್ಯಾಹ್ನ 20 ಸಿಕ್ಕಿತು. ಸರಾಸರಿ 16. ಎರಡನೇ ಸಲದ ಬೀಜ ಯಾಕೆ ಕೊಳೆಯಿತು ಅಂತ ಆಗ ತಿಳಿಯಿತು. ಪಾತಿಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಮಣ್ಣಿಗೆ ತಾಗುವಂತೆ ಹಾಸಿ ಅಂಚು ಮುಚ್ಚಿದೆ. ಮೇ 30ರ ಹೊತ್ತಿಗೆ ಬೆಳಿಗ್ಗೆ 19, ಮಧ್ಯಾಹ್ನ 27. ಹಾಳೆ ತೆಗೆದು, ರಾತ್ರಿ ನೆನೆಸಿದ ಬೀಜ ಊರಿದೆ. ಹನ್ನೊಂದನೇ ದಿನಕ್ಕೆ 24ರಲ್ಲಿ 19 ಎದ್ದಿದ್ದವು. ನಮ್ಮ ಪಂಚಾಂಗದಲ್ಲಿ ಅದು ರೋಹಿಣಿ ಮಳೆಯ ಕಾಲ.

ಇಲ್ಲಿನವರು ಕ್ಯಾಲೆಂಡರ್ ನೋಡಿ, ಕೊನೆಯ ಹಿಮ ಬೀಳುವ ತಾರೀಖು ದಾಟಿದ ತಕ್ಷಣ ಬಿತ್ತುತ್ತಾರೆ. ಹಿಮದ ತಾರೀಖು ಗಾಳಿಯ ಮಾತು. ಮಣ್ಣು ಅದಕ್ಕಿಂತ ವಾರಗಟ್ಟಲೆ ಹಿಂದೆ ಇರುತ್ತದೆ. ಪಕ್ಕದ ಮನೆಯ ಅಜ್ಜ ಮಾತ್ರ ಥರ್ಮಾಮೀಟರ್ ಇಲ್ಲದೆ ಯಾವ ಬೀಜವನ್ನೂ ಮುಟ್ಟುವುದಿಲ್ಲ. ಆದರೆ ಅವರು ಮಣ್ಣು ಕೆಸರಾಗಿದ್ದರೂ ಅಂಕಿ ಬಂತು ಅಂತ ಬಿತ್ತಿದ್ದನ್ನು ನೋಡಿದ್ದೇನೆ. ಕೆಸರಲ್ಲಿ ಗಾಳಿ ಇಲ್ಲದೆ ಬೀಜ ಉಸಿರುಕಟ್ಟಿ ಸಾಯುತ್ತದೆ. ಅಲ್ಲಿ ಅಪ್ಪನ ಉಂಡೆಯೇ ಬೇಕು.

ಊರಿನವರಿಗೆ ಥರ್ಮಾಮೀಟರ್ ಬೇಡ ಅಂತಲೂ ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ನನ್ನ ತಂಗಿ ಏಪ್ರಿಲ್‌ನಲ್ಲಿ ಟೆರೇಸಿನ ಕಪ್ಪು ಚೀಲಗಳಲ್ಲಿ ಕೊತ್ತಂಬರಿ ಹಾಕಿ, ಹುಟ್ಟಲಿಲ್ಲ ಅಂತ ಬೀಜ ಬದಲಿಸುತ್ತಲೇ ಇದ್ದಳು. ಮಧ್ಯಾಹ್ನ ಎರಡು ಸೆಂಟಿಮೀಟರ್ ಆಳದಲ್ಲಿ ಓದಿಸಿದೆ. 41 ಬಂತು. ಕೊತ್ತಂಬರಿಗೆ 30 ದಾಟಿದರೇ ಕಷ್ಟ. ಲೆಟ್ಯೂಸ್ ಅಂತೂ 25ರಲ್ಲಿ ಎರಡೇ ದಿನಕ್ಕೆ ಹುಟ್ಟುತ್ತದೆ, 35ರಲ್ಲಿ ಹುಟ್ಟುವುದೇ ಇಲ್ಲ ಅಂತ ಅದೇ ಪಟ್ಟಿಯಲ್ಲಿದೆ. ಚೀಲಗಳನ್ನು ನೀರಿನ ಟ್ಯಾಂಕಿನ ನೆರಳಿಗೆ ಸರಿಸಿ, ಬೀಜ ಉಜ್ಜಿ ಹೋಳು ಮಾಡಿ ಹಾಕಿ, ಮೇಲೆ ಒದ್ದೆ ಗೋಣಿ ಹೊದಿಸು ಅಂದೆ. ಗೋಣಿಯ ಕೆಳಗೆ ಮಧ್ಯಾಹ್ನದ ಓದು 28ಕ್ಕೆ ಇಳಿಯಿತು. ಒಂಬತ್ತನೇ ದಿನ ಅವಳು ಗೋಣಿ ಎತ್ತಿ ಫೋಟೊ ಕಳಿಸಿದಳು, ಬಾಗಿದ ಬಿಳಿ ಮೊಳಕೆಗಳು ಸಾಲಾಗಿ ಕಾಣುತ್ತಿದ್ದವು. ಗೋಣಿಯನ್ನು ಈಗಲೇ ತೆಗೆದುಬಿಡು, ಇನ್ನೊಂದು ದಿನ ಬಿಟ್ಟರೆ ಸೊರಗುತ್ತವೆ ಅಂತ ತಕ್ಷಣ ಫೋನ್ ಮಾಡಿದೆ.