ಹಂಸಪಾದ ಮತ್ತು ಮೊಬೈಲ್ ಫೋಟೊ

ಪ್ರೂಫ್ ತಿದ್ದುವವರು ಈಗ ಕಾಗದದ ಕಟ್ಟು ಕಳಿಸುವುದಿಲ್ಲ, ಹಾಳೆಯ ಫೋಟೊ ಕಳಿಸುತ್ತಾರೆ. ಅದನ್ನು ನೋಡಿಕೊಂಡು ಫೈಲಿನಲ್ಲಿ ತಿದ್ದುವುದು ನನ್ನ ಕೆಲಸ. ಸುಲಭ ಅನ್ನಿಸುತ್ತೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಪ್ರೂಫಿನ ಗುರುತುಗಳು ಜೋಡಿಜೋಡಿಯಾಗಿ ಬರುತ್ತವೆ. ಸಾಲಿನೊಳಗಿನ ಗುರುತು ‘ಎಲ್ಲಿ’ ಅಂತ ಹೇಳುತ್ತದೆ, ಅಂಚಿನಲ್ಲಿರುವುದು ‘ಏನು’ ಅಂತ ಹೇಳುತ್ತದೆ. ಸಾಲಿನಲ್ಲಿ ಹಂಸಪಾದ ಇದ್ದರೆ, ಅಲ್ಲಿ ಸೇರಿಸಬೇಕಾದ ಪದ ಅಂಚಿನಲ್ಲಿರುತ್ತದೆ. ಒಂದೇ ಸಾಲಿಗೆ ಮೂರು ತಿದ್ದುಪಡಿ ಇದ್ದರೆ ಅಂಚಿನಲ್ಲಿ ನಡುನಡುವೆ ಓರೆಗೆರೆ ಎಳೆದು, ಎಡದಿಂದ ಬಲಕ್ಕೆ ಅದೇ ಕ್ರಮದಲ್ಲಿ ಬರೆಯುತ್ತಾರೆ. ಫೋಟೊ ತೆಗೆಯುವವರು ಅಂಚು ಬಿಟ್ಟು ಬರೀ ಅಕ್ಷರ ಇರುವ ಭಾಗವನ್ನು ಹಿಡಿದರೋ, ಜೋಡಿ ಮುರಿಯಿತು. ಆಗ ಊಹೆ ಮಾಡಲು ಹೋಗಬಾರದು, ಇನ್ನೊಂದು ಫೋಟೊ ಕೇಳಬೇಕು.

ಮೊನ್ನೆಯ ಒಂದು ಸಾಲು ಹೀಗಿತ್ತು: “ಅಜ್ಜಿ ಹೇಳಿದ ಕತ್ತೆ ಕೊನೆಗೂ ಮುಗಿ ಯಿತು.” ಕತ್ತೆಯ ಒತ್ತಿನ ಮೇಲೆ ಒಂದು ಗೆರೆ. ‘ಕೊನೆಗೂ’ ಪದವನ್ನು ಅಡ್ಡಕ್ಕೆ ಹೊಡೆದುಹಾಕಿತ್ತು. ‘ಮುಗಿ’ ಮತ್ತು ‘ಯಿತು’ ನಡುವೆ ಮೇಲೊಂದು ಕೆಳಗೊಂದು ಕಮಾನು, ಅಂದರೆ ಜಾಗ ತೆಗೆದು ಕೂಡಿಸು ಅಂತ. ಅಂಚಿನಲ್ಲೂ ಮೂರೇ ಗುರುತು. ನಾನು ಒತ್ತು ತೆಗೆದೆ, ‘ಕೊನೆಗೂ’ ಅಳಿಸಿದೆ, ‘ಮುಗಿಯಿತು’ ಕೂಡಿಸಿದೆ. ಮೂರಕ್ಕೆ ಮೂರು, ಲೆಕ್ಕ ಸರಿಹೋಯಿತು.

ಲೆಕ್ಕ ಸರಿ, ಕೆಲಸ ತಪ್ಪು. ಅಂಚಿನ ನಡುವಿನ ಗುರುತು ಅಳಿಸುವ ಸುರುಳಿಬಾಲ ಆಗಿರಲೇ ಇಲ್ಲ. ಸುರುಳಿಯನ್ನು ಗೀಚಿ ಹಾಕಿ ಪಕ್ಕದಲ್ಲಿ ‘ಸ್ಟೆಟ್’ ಅಂತ ಸಣ್ಣದಾಗಿ ಬರೆದಿತ್ತು. ಲ್ಯಾಟಿನ್ ಮಾತು, ನಮ್ಮ ಭಾಷೆಯಲ್ಲಿ ‘ಇರಲಿ ಬಿಡು’. ತಿದ್ದುವವರು ಮೊದಲು ಪದವನ್ನು ಹೊಡೆದುಹಾಕಿ, ಆಮೇಲೆ ಮನಸ್ಸು ಬದಲಾಯಿಸಿದ್ದಾರೆ. ಹಾಗೆ ಮಾಡಿದಾಗ ಪದದ ಕೆಳಗೆ ಚುಕ್ಕಿ ಸಾಲು ಇಡುತ್ತಾರೆ. ಚುಕ್ಕಿ ಎಷ್ಟು ದೂರ ಇದೆಯೋ ಅಷ್ಟು ಪದ ಉಳಿಯುತ್ತದೆ. ಅವರೂ ಇಟ್ಟಿದ್ದರು, ಪೆನ್ಸಿಲಿನಲ್ಲಿ. ಫೋನಿನ ಸ್ಕ್ಯಾನ್ ಫಿಲ್ಟರ್ ಹಾಳೆಯನ್ನು ಹಾಲಿನಂತೆ ಬೆಳ್ಳಗೆ ಮಾಡುವ ಭರದಲ್ಲಿ ಆ ಚುಕ್ಕಿಗಳನ್ನು ನುಂಗಿತ್ತು. ಫಿಲ್ಟರ್ ಇಲ್ಲದ ಮೂಲ ಫೋಟೊ ತರಿಸಿ ದೊಡ್ಡದು ಮಾಡಿ ನೋಡಿದರೆ ಐದೂ ಚುಕ್ಕಿ ಮಂಕಾಗಿ ಕೂತಿದ್ದವು. ಅಂದಿನಿಂದ ಬರೀ ಎಣಿಸುವುದಿಲ್ಲ. ಒಂದೊಂದು ಜೋಡಿಯನ್ನೂ ಹೊಂದಿಸಿ ನೋಡಿ, ಆಮೇಲೆ ಟಿಕ್ ಹಾಕುತ್ತೇನೆ.

ಇನ್ನು ಆ ಕತ್ತೆಯದ್ದೇ ಒಂದು ಕತೆ. ಕನ್ನಡದ ಒತ್ತು ಸಾಲಿನ ಕೆಳಗೆ ಇಳಿದಿರುತ್ತದೆ. ಅದರ ಮೇಲಿನ ಗೆರೆ ಫೋಟೊದಲ್ಲಿ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದಂತೆ ಕಾಣುತ್ತದೆ. ಹಾಳೆ ಸ್ವಲ್ಪ ಬಾಗಿದ್ದರಂತೂ ಯಾವ ಸಾಲಿನದ್ದು ಅಂತ ಹೇಳುವುದೇ ಕಷ್ಟ. ಅಂಚಿನ ಗುರುತು ಯಾವ ಸಾಲಿನ ಮಟ್ಟದಲ್ಲಿದೆ ಅಂತ ನೋಡಿದರೆ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಮುಗಿಯಲಿಲ್ಲ. ಕಂಪ್ಯೂಟರಿನಲ್ಲಿ ‘ತ್ತೆ’ ಒಂದೇ ಅಕ್ಷರ ಅಲ್ಲ, ತ, ವಿರಾಮದ ಗೆರೆ, ಇನ್ನೊಂದು ತ, ಎತ್ವ, ಹೀಗೆ ನಾಲ್ಕು ತುಂಡು. ಬ್ಯಾಕ್‌ಸ್ಪೇಸ್ ಒತ್ತಿದರೆ ಸಾಮಾನ್ಯವಾಗಿ ಕೊನೆಯಿಂದ ಒಂದೊಂದೇ ತುಂಡು ಹೋಗುತ್ತದೆ. ಎರಡು ಸಲ ಒತ್ತಿ ಒತ್ತು ಹೋಯಿತು ಅಂತ ಬಿಟ್ಟರೆ ‘ಕತ್’ ಅಂತ ಉಳಿಯುತ್ತದೆ. ಮೂರನೇ ಸಲವೂ ಒತ್ತಿ, ಎತ್ವವನ್ನು ಮತ್ತೆ ಹಾಕಬೇಕು. ನಾನಂತೂ ಈಗ ಇಡೀ ಪದ ಅಳಿಸಿ ‘ಕತೆ’ ಅಂತ ಹೊಸದಾಗಿ ಟೈಪ್ ಮಾಡುತ್ತೇನೆ. ಅದೇ ಬೇಗ.

ಸುತ್ತು ಹಾಕಿದ ಮಾತುಗಳದ್ದು ಬೇರೆಯೇ ಗೋಳು. ಅಂಚಿನಲ್ಲಿ ಪದಗಳಿಗೆ ಸುತ್ತು ಹಾಕಿದ್ದರೆ ಅದು ಸೂಚನೆ ಅಥವಾ ಪ್ರಶ್ನೆ, ಪುಟಕ್ಕೆ ಸೇರುವ ಮಾತಲ್ಲ. ಆದರೆ ಬರೀ ಒಂದು ಚುಕ್ಕಿಗೆ ಸುತ್ತು ಹಾಕಿದ್ದರೆ ಅದು ಪೂರ್ಣವಿರಾಮ, ಅದನ್ನು ಸೇರಿಸಲೇಬೇಕು. ಚುಕ್ಕಿ ಕಣ್ತಪ್ಪಿ ಹೋಗದಿರಲಿ ಅಂತ ಸುತ್ತು ಹಾಕುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ನನಗೆ ಗೊತ್ತಿರಲಿಲ್ಲ. ಒಂದು ಹಾಳೆಯಲ್ಲಿ ಹಂಸಪಾದದ ಎದುರಿಗೆ ಸುತ್ತಿನೊಳಗೆ ‘ಯಾವ ಅಜ್ಜಿ?’ ಅಂತ ಇತ್ತು. ವಿಧೇಯನಾಗಿ ಸೇರಿಸಿದೆ. ಮುಂದಿನ ಪ್ರೂಫಿನಲ್ಲಿ “ಯಾವ ಅಜ್ಜಿ? ಅಜ್ಜಿ ಬಾಗಿಲು ತೆರೆದಳು” ಅಂತ ಬಂತು. ಅದಕ್ಕೂ ಸುತ್ತು ಹಾಕಿ, ಪಕ್ಕದಲ್ಲಿ ಹೊಸ ಪ್ರಶ್ನೆ ಬರೆದಿದ್ದರು: ‘ಇದನ್ನು ಸೇರಿಸಿದ್ದು ಯಾರು?’