ಗೌಡ್ರು ಹೇಳಿದ್ದು, ನಾನು ಹೇಳಿದ್ದು, ಆ ಹಾಳೆಯಲ್ಲಿ ಬರೆದದ್ದು

ನನ್ನ ಆಫೀಸಿನಲ್ಲಿ ಒಂದು ಅಭ್ಯಾಸ ಇದೆ. ಕಕ್ಷಿದಾರರು ಮಾತಾಡಿ ಎದ್ದು ಹೋದ ಮೇಲೆ, ಮುಂದಿನವರನ್ನು ಒಳಗೆ ಕರೆಯುವ ಮುಂಚೆ, ಒಂದು ಹಾಳೆ ತೆಗೆದು ಬರೆಯುತ್ತೇನೆ. ಅವರು ಏನು ಹೇಳಿದರು, ನಾನು ಏನು ಹೇಳಿದೆ, ಮುಂದೆ ಯಾರು ಏನು ಮಾಡಬೇಕು. ಹತ್ತು ನಿಮಿಷದ ಕೆಲಸ. ಹಾಸನದಲ್ಲಿ ನನ್ನ ಜೊತೆಯ ಕೆಲವು ವಕೀಲರು ನಗುತ್ತಾರೆ. "ಎಲ್ಲಾ ತಲೆಯಲ್ಲಿರುತ್ತೆ ಬಿಡ್ರಿ" ಅನ್ನುತ್ತಾರೆ. ನನ್ನ ತಲೆಯಲ್ಲೂ ಇರುತ್ತಿತ್ತು. ಒಬ್ಬ ಕಕ್ಷಿದಾರರು ಎದುರು ಕೂತು "ನೀವು ಇದನ್ನ ಹೇಳ್ಲೇ ಇಲ್ವಲ್ಲ ಸಾರ್" ಅನ್ನುವವರೆಗೂ. ಹೇಳಿದ್ದೆ. ಆದರೆ ತೋರಿಸೋಕೆ ಏನೂ ಇರಲಿಲ್ಲ.

ಈ ಹಾಳೆಯಲ್ಲಿ ಏನಿರಬೇಕು ಅಂತ ಒಂದು ಕೇಸಿನಿಂದಲೇ ಹೇಳುತ್ತೇನೆ. ಅವರ ಒಪ್ಪಿಗೆ ಕೇಳಿದ್ದೇನೆ, ಗುರುತು ಸಿಗುವ ವಿವರ ಬದಲಾಯಿಸಿದ್ದೇನೆ.

ಸಕಲೇಶಪುರ ಕಡೆಯ ಸಣ್ಣ ಬೆಳೆಗಾರರೊಬ್ಬರು, ಗೌಡ್ರು ಅನ್ನೋಣ. ರೊಬಸ್ಟಾ ಕಾಫಿ ಚೆರಿ ಮಾರಿದ್ದರು. ಕೊಂಡ ವ್ಯಾಪಾರಿ ಚಿಕ್ಕಮಗಳೂರಿನವನು, 4,80,000 ರೂಪಾಯಿಗೆ ಚೆಕ್ ಕೊಟ್ಟಿದ್ದ. ಚೆಕ್ಕಿನ ತಾರೀಖು ಜನವರಿ 10. ಗೌಡ್ರು ಫೆಬ್ರವರಿ 3ಕ್ಕೆ ಸಕಲೇಶಪುರದ ತಮ್ಮ ಬ್ಯಾಂಕಿಗೆ ಹಾಕಿದರು. ದುಡ್ಡಿಲ್ಲ ಅಂತ ವಾಪಸ್ ಬಂತು. ನನ್ನ ಹತ್ತಿರ ಬಂದದ್ದು ಫೆಬ್ರವರಿ 18ರ ಸಂಜೆ, ಮಗನ ಜೊತೆ.

ಚೆಕ್ ಬೌನ್ಸ್ ಕೇಸಿನಲ್ಲಿ ಮೊದಲು ಬರೆಯಬೇಕಾದ್ದು ತಾರೀಖು. ಚೆಕ್ ವಾಪಸ್ ಆದ ವಿಷಯ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಕೈಗೆ ಸೇರಿದ ಮೇಲೆ ಅವನಿಗೆ 15 ದಿನ ಟೈಮ್. ಅಷ್ಟರಲ್ಲಿ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ದೂರು ತಡವಾದರೆ ಸರಿಯಾದ ಕಾರಣ ತೋರಿಸಿ ಕ್ಷಮಿಸಿ ಅಂತ ಕೇಳಬಹುದು. ನೋಟಿಸ್ ತಡವಾದರೆ ಆ ದಾರಿಯೂ ಇಲ್ಲ. ಬ್ಯಾಂಕಿನ ಮೆಮೊದಲ್ಲಿ ಫೆಬ್ರವರಿ 4 ಅಂತ ಇತ್ತು. ಗೌಡ್ರು "ನಂಗೆ ಕೊಟ್ಟಿದ್ದು 6ಕ್ಕೆ" ಅಂದರು. ಎರಡನ್ನೂ ಬರೆದುಕೊಂಡೆ. ಕಾನೂನಿನ ಪ್ರಕಾರ ತಿಳಿದ ದಿನದಿಂದಲೇ ಲೆಕ್ಕ. ಆದರೆ 6ಕ್ಕೇ ಸಿಕ್ಕಿತು ಅಂತ ನಾಳೆ ಸಾಬೀತು ಮಾಡುವ ತಾಪತ್ರಯ ಯಾಕೆ? 4ರಿಂದಲೇ ಎಣಿಸಿದೆ. ಕೊನೆಯ ದಿನ ಮಾರ್ಚ್ 6. ಹಾಳೆಯಲ್ಲಿ "ನೋಟಿಸ್ 21ರೊಳಗೆ ಹೋಗಬೇಕು" ಅಂತ ಬರೆದು ಕೆಳಗೆ ಗೆರೆ ಎಳೆದೆ.

ಆಮೇಲೆ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದೆ. "ಚೆಕ್ ಕೊಟ್ಟ ಮೇಲೆ ಏನಾದ್ರೂ ದುಡ್ಡು ಬಂತಾ?"

"ಒಂದು ರೂಪಾಯಿನೂ ಬಂದಿಲ್ಲ ಸಾರ್."

ಮಗ ನೆಲ ನೋಡುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪ, ನನ್ ಫೋನಿಗೆ ಎಂಬತ್ತು ಸಾವಿರ ಹಾಕಿದ್ರಲ್ಲ" ಅಂದ.

ಗೌಡ್ರು ರೇಗಿದರು. "ಅದು ಬೇರೆ ಲೆಕ್ಕ ಕಣೋ! ಹೋದ ವರ್ಷ ಅವನು ಕೈಸಾಲ ತಗೊಂಡಿದ್ನಲ್ಲ, ಅದರದ್ದು."

ಇಡೀ ಕೇಸು ಇಲ್ಲೇ ಇದೆ. ಚೆಕ್ ಕೊಟ್ಟ ಮೇಲೆ, ಬ್ಯಾಂಕಿಗೆ ಹಾಕುವ ಮುಂಚೆ, ಅದೇ ಬಾಕಿಗೆ ಸ್ವಲ್ಪ ದುಡ್ಡು ಬಂದಿದ್ದರೆ, ಚೆಕ್ಕಿನ ಮೇಲೆ ಅದನ್ನು ಬರೆದು ಉಳಿದ ಮೊತ್ತಕ್ಕೆ ಮಾತ್ರ ಹಾಕಬೇಕು. ಪೂರ್ತಿ ಮೊತ್ತಕ್ಕೆ ಹಾಕಿ ವಾಪಸ್ ಬಂದರೆ ಚೆಕ್ ಬೌನ್ಸಿಗೆ ಶಿಕ್ಷೆ ಹೇಳುವ 138ನೇ ಕಲಂನ ಅಪರಾಧವೇ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅಂದರೆ ಆ ಎಂಬತ್ತು ಸಾವಿರ ಕಾಫಿ ದುಡ್ಡಾದರೆ ನಮ್ಮ ಕೇಸು ಹುಟ್ಟುವ ಮುಂಚೆಯೇ ಸತ್ತಿತು. ಕೈಸಾಲದ್ದಾದರೆ ಬದುಕಿದೆ.

ಮಗನ ಫೋನ್ ಈಸಿಕೊಂಡು ನೋಡಿದೆ. ಜನವರಿ 28ರಂದು ದುಡ್ಡು ಬಂದಿತ್ತು. ಯಾತಕ್ಕೆ ಅಂತ ಬರೆಯುವ ಜಾಗ ಖಾಲಿ. ಅಲ್ಲಿ "ಕಾಫಿ" ಅಂತ ಒಂದು ಪದ ಇದ್ದಿದ್ದರೂ ನನ್ನ ಸಲಹೆ ಬೇರೆಯೇ ಆಗುತ್ತಿತ್ತು. ಕೊಟ್ಟವನು ಯಾವ ಬಾಕಿಗೆ ಅಂತ ಹೇಳದೆ, ಸಂದರ್ಭದಿಂದಲೂ ಅದು ಗೊತ್ತಾಗದೆ ಇದ್ದರೆ, ಪಡೆದವನು ತನಗೆ ಬರಬೇಕಾದ ಯಾವ ಬಾಕಿಗಾದರೂ ಜಮಾ ಮಾಡಿಕೊಳ್ಳಬಹುದು. ಕರಾರು ಕಾಯ್ದೆಯಲ್ಲೇ ಇದೆ. ಆದರೆ ಕೈಸಾಲಕ್ಕೆ ಪತ್ರ ಇಲ್ಲ, ಸಾಕ್ಷಿ ಇಲ್ಲ. ಗೌಡ್ರ ಹಳೆ ಡೈರಿಯಲ್ಲಿ ಒಂದು ಸಾಲು ಇದೆಯಂತೆ, ಅಷ್ಟೇ.

ನಾನು ಹೇಳಿದ್ದು ಇಷ್ಟು. ಎಂಬತ್ತು ಸಾವಿರ ಬಂದದ್ದನ್ನು ನೋಟಿಸಿನಲ್ಲೇ ನಾವಾಗಿ ಹೇಳೋಣ, ಕೈಸಾಲಕ್ಕೆ ಜಮಾ ಮಾಡಿಕೊಂಡಿದ್ದೇವೆ ಅಂತ ಬರೆಯೋಣ. ಮುಚ್ಚಿಟ್ಟರೆ ಪಾಟಿಸವಾಲಿನಲ್ಲಿ ಅವನ ವಕೀಲರು ಬ್ಯಾಂಕಿನ ಸ್ಟೇಟ್‌ಮೆಂಟ್ ಹಿಡಿದು ನಿಲ್ಲುತ್ತಾರೆ. ಆಗ ಕೈಸಾಲದ ಕಥೆ ಹೇಳಿದರೆ ಅವತ್ತು ಹುಟ್ಟಿಸಿದ ಕಥೆ ಅನ್ನಿಸುತ್ತದೆ.

ಗೌಡ್ರು ಒಪ್ಪಲಿಲ್ಲ. "ಅದನ್ನ ಬರೀಬೇಡಿ ಸಾರ್. ಅವನಿಗೆ ನಾವೇ ದಾರಿ ತೋರಿಸಿಕೊಟ್ಟಂಗಾಗುತ್ತೆ." ಇನ್ನೊಂದು ಆಸೆಯೂ ಇತ್ತು ಅವರಿಗೆ. ಕೇಸು ಚಿಕ್ಕಮಗಳೂರಲ್ಲೇ ಹಾಕಬೇಕು, ಅವನ ಊರಿನವರ ಮುಂದೆ ಅವನ ಮರ್ಯಾದೆ ಹೋಗಬೇಕು. ಅದಾಗಲ್ಲ, 2015ರ ತಿದ್ದುಪಡಿ ಆದ ಮೇಲೆ ಚೆಕ್ ಹಾಕಿದವರ ಖಾತೆ ಎಲ್ಲಿದೆಯೋ ಅಲ್ಲಿನ ಕೋರ್ಟು, ನಿಮಗೆ ಸಕಲೇಶಪುರ ಅಂದೆ. ಮನೆಗೆ ಹತ್ತಿರ ಅಂತ ಖುಷಿಪಡೋದು ಬಿಟ್ಟು ಮುಖ ಸಣ್ಣ ಮಾಡಿಕೊಂಡರು.

ಆ ಸಂಜೆಯ ಹಾಳೆಯ ನಡುಭಾಗ ಹೀಗಿತ್ತು:

"ದುಡ್ಡು ಬಂತಾ ಅಂತ ಕೇಳಿದೆ. ಮೊದಲು ಇಲ್ಲ ಅಂದರು. ಮಗ ಹೇಳಿದ ಮೇಲೆ ಜ. 28ರ 80,000 ಒಪ್ಪಿದರು, ಹಳೆ ಕೈಸಾಲದ್ದು ಎನ್ನುತ್ತಾರೆ. ಮಗನ ಫೋನ್ ನಾನೇ ನೋಡಿದೆ, ಷರಾ ಖಾಲಿ. ಡೈರಿ ನೋಡಿಲ್ಲ. ನೋಟಿಸಿನಲ್ಲಿ ಹೇಳಬೇಕು ಎಂದು ಸಲಹೆ ಕೊಟ್ಟೆ, ಕಾರಣ ವಿವರಿಸಿದೆ. ಬೇಡ ಎಂದರು. ಅರ್ಥವಾಗಿದೆ, ಯೋಚಿಸಿ ಹೇಳುತ್ತೇನೆ ಎಂದರು. 20ಕ್ಕೆ ಡೈರಿ ತರುವುದು ಅವರ ಕೆಲಸ. ಅಲ್ಲಿಯವರೆಗೆ ನೋಟಿಸ್ ಕಳಿಸುವುದಿಲ್ಲ."

"ಎನ್ನುತ್ತಾರೆ" ಅನ್ನುವ ಪದ ಗಮನಿಸಿ. ಕೈಸಾಲ ಇತ್ತು ಅಂತ ನಾನು ಬರೆದಿಲ್ಲ. ಅವರು ಹೇಳಿದ್ದು ಬೇರೆ, ನಾನು ಕಣ್ಣಾರೆ ನೋಡಿದ್ದು ಬೇರೆ. ಜೂನಿಯರ್‌ಗಳು ತಪ್ಪುವುದು ಇಲ್ಲೇ. ಎರಡನ್ನೂ ಕಲಸಿ "ಕಕ್ಷಿದಾರರು ಕೈಸಾಲ ಕೊಟ್ಟಿದ್ದರು" ಅಂತ ಬರೆದುಬಿಡುತ್ತಾರೆ. ಎರಡು ವರ್ಷ ಬಿಟ್ಟು ಫೈಲ್ ತೆಗೆದಾಗ ಅದು ದಾಖಲೆ ನೋಡಿ ಬರೆದದ್ದೋ, ಬಾಯಿಮಾತೋ ಯಾರಿಗೆ ಗೊತ್ತು? ಹಾಗೆಯೇ ಕಕ್ಷಿದಾರರು ಬೇಡ ಅಂದ ಸಲಹೆಯನ್ನು ಬರೆಯೋಕೆ ಮುಜುಗರಪಡುವವರೂ ಇದ್ದಾರೆ. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಜಾಸ್ತಿ ಬೆಲೆ ಆ ಸಾಲಿಗೇ.

ಇದನ್ನು ಕೋರ್ಟು ತರಿಸಿಕೊಳ್ಳಲ್ವಾ ಅಂತ ಕೇಳುವವರಿದ್ದಾರೆ. ಕಕ್ಷಿದಾರರು ಹೇಳಿದ್ದು, ನಾವು ಕೊಟ್ಟ ಸಲಹೆ, ಎರಡನ್ನೂ ಅವರ ಒಪ್ಪಿಗೆ ಇಲ್ಲದೆ ವಕೀಲರು ಹೊರಗೆ ಹೇಳುವಂತಿಲ್ಲ. ಹಳೆ ಸಾಕ್ಷ್ಯ ಕಾಯ್ದೆಯ 126ನೇ ಕಲಂನಲ್ಲಿತ್ತು, ಈಗ ಹೊಸ ಅಧಿನಿಯಮದ 132ರಲ್ಲಿದೆ. ಕಾನೂನುಬಾಹಿರ ಕೆಲಸಕ್ಕೆ ಸಲಹೆ ಕೇಳಿದರೆ ಆ ರಕ್ಷಣೆ ಇರುವುದಿಲ್ಲ, ಅದು ಬೇರೆ ಮಾತು.

20ಕ್ಕೆ ಗೌಡ್ರು ಡೈರಿ ತಂದರು. ಹಿಂದಿನ ವರ್ಷದ ಒಂದು ಪುಟದಲ್ಲಿ, ಗೊಬ್ಬರದ ಲೆಕ್ಕದ ಕೆಳಗೆ, ಆ ವ್ಯಾಪಾರಿಯ ಹೆಸರು, "ಕೈಸಾಲ 80 ಸಾ." ಅಂತ ಇತ್ತು. ಅದೇ ಮಾಸಿದ ಶಾಯಿ. ನನ್ನ ಹಾಳೆಯನ್ನು ಅವರಿಗೇ ಓದಿ ಹೇಳಿದೆ. ಸುಮ್ಮನೆ ಕೇಳಿದರು. "ಸರಿ, ಬರೀರಿ ಸಾರ್" ಅಂದರು. 21ಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಹೋಯಿತು, ಎಂಬತ್ತು ಸಾವಿರದ ಪ್ಯಾರಾ ಸಮೇತ.

ಪಾಟಿಸವಾಲಿನಲ್ಲಿ ಆ ಪ್ರಶ್ನೆ ಬಂದೇ ಬಂತು. ಗೌಡ್ರು "ನೋಟಿಸಲ್ಲೇ ಹೇಳಿದೀವಲ್ಲ ಸ್ವಾಮಿ" ಅಂದರು. ಅವನ ವಕೀಲರು ಮುಂದಿನ ಪ್ರಶ್ನೆಗೆ ಹೋದರು. ಡೈರಿಯ ಆ ಒಂದು ಸಾಲನ್ನು ಕೋರ್ಟು ಎಷ್ಟು ನಂಬುತ್ತದೋ, ಅದು ತೀರ್ಪಿನ ದಿನ ಗೊತ್ತಾಗಬೇಕಿತ್ತು. ಅಷ್ಟರಲ್ಲಿ ವ್ಯಾಪಾರಿಯೇ ರಾಜಿಗೆ ಬಂದಿದ್ದಾನೆ. ಮೊದಲ ಕಂತು ಎರಡು ಲಕ್ಷ ಹಾಕಿದ್ದೇನೆ ಅಂತ ಹೇಳಿ ಕಳಿಸಿದ. ಗೌಡ್ರು ಫೋನ್ ಮಾಡಿ "ಬಂತು ಸಾರ್" ಅಂದರು. ಯಾರ ಖಾತೆಗೆ, ಯಾವತ್ತು, ಷರಾದಲ್ಲಿ ಏನು ಬರೆದಿದ್ದಾನೆ ಅಂತ ಕೇಳಿ, ಫೋನ್ ಇಡುವ ಮುಂಚೆಯೇ ಇನ್ನೊಂದು ಹಾಳೆ ತೆಗೆದೆ.