ಒಂದು ಬ್ಯಾಗು, ಮೂರು ಲೆಕ್ಕ

ಬ್ಯಾಗಿನ ಬೆಲೆ 1000. ಅದಕ್ಕೆ ಶೇಕಡಾ 20 ರಿಯಾಯಿತಿ, 100ರ ಒಂದು ಕೂಪನ್, ಮೇಲೆ ಶೇಕಡಾ 10 ತೆರಿಗೆ. ಇಷ್ಟಕ್ಕೇ ನಮ್ಮ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು.

ಅಕ್ಕನ ಪ್ರಕಾರ ಕೊಡಬೇಕಾದ್ದು 770. ಮೊದಲು ರಿಯಾಯಿತಿ, 800. ಕೂಪನ್ ಕಳೆದರೆ 700. ಅದಕ್ಕೆ ತೆರಿಗೆ 70. ಭಾವ ಕೂಪನ್ನನ್ನೇ ಮೊದಲು ಕಳೆದರು: 900, ರಿಯಾಯಿತಿ ಆಗಿ 720, ತೆರಿಗೆ ಸೇರಿ 792. ನನ್ನ ಲೆಕ್ಕ 780. ರಿಯಾಯಿತಿ, ಆಮೇಲೆ ತೆರಿಗೆ, ಕೂಪನ್ ಕೊನೆಗೆ. ಮೂವರೂ ಕ್ಯಾಲ್ಕುಲೇಟರ್ ಹಿಡಿದು ಇನ್ನೊಮ್ಮೆ ಒತ್ತಿ ನೋಡಿದೆವು. ಯಾರದ್ದೂ ತಪ್ಪಿಲ್ಲ! ತಪ್ಪಿದ್ದರೆ ಜಗಳ ಬೇಗ ಮುಗಿಯುತ್ತಿತ್ತು.

"ತೆರಿಗೆ ಮೊದಲು ಹಾಕಿದ್ರೆ ರಿಯಾಯಿತಿ ಜಾಸ್ತಿ ಸಿಗುತ್ತೆ ಅಲ್ವಾ?" ಎಂದು ಭಾವ ಹೊಸ ದಾರಿ ಹುಡುಕಿದರು. ಸಿಗುತ್ತದೆ, ಆದರೆ ಉಳಿಯುವುದಿಲ್ಲ. ಶೇಕಡಾ 20 ಬಿಡುವುದೆಂದರೆ 0.8ರಿಂದ ಗುಣಿಸುವುದು, ಶೇಕಡಾ 10 ತೆರಿಗೆ ಎಂದರೆ 1.1ರಿಂದ ಗುಣಿಸುವುದು. ಗುಣಾಕಾರದಲ್ಲಿ ಹಿಂದೆಮುಂದೆ ಆದರೂ ಉತ್ತರ ಅದೇ, 880. ಪಾಪ, ಆ ಎರಡೂ ಸಾಧು ಪ್ರಾಣಿಗಳು.

ಕಿತಾಪತಿ ಮಾಡುವುದು ಕೂಪನ್. ಅದು ಗುಣಿಸುವುದಿಲ್ಲ, ಕಳೆಯುತ್ತದೆ. ಅದರ ನಂತರ ಬರುವ ಪ್ರತಿಯೊಂದು ಶೇಕಡಾವೂ ಬೆಲೆಯ ಜೊತೆ ಆ ನೂರನ್ನೂ ಗುಣಿಸಿಬಿಡುತ್ತದೆ. ಅಕ್ಕನ ಲೆಕ್ಕದಲ್ಲಿ ಕೂಪನ್ ನಂತರ ತೆರಿಗೆ ಮಾತ್ರ ಬಂತು, ಹಾಗಾಗಿ ನೂರರ ಕೂಪನ್ 110ರಷ್ಟು ಕೆಲಸ ಮಾಡಿತು. ಭಾವನ ಲೆಕ್ಕದಲ್ಲಿ ಎರಡೂ ಬಂದವು, ಅದು 88ಕ್ಕೆ ಸೊರಗಿತು. ನನ್ನದರಲ್ಲಿ ಏನೂ ಬರಲಿಲ್ಲ, 100 ನೂರಾಗಿಯೇ ಉಳಿಯಿತು. 880ರಿಂದ ಇವನ್ನು ಕಳೆದು ನೋಡಿ, ಮೂವರ ಉತ್ತರವೂ ಸಿಗುತ್ತದೆ.

ಹಾಗಾದರೆ ಬಿಲ್ಲಿನಲ್ಲಿ ಯಾವುದು ಬರುತ್ತದೆ? ಅದನ್ನು ಗಣಿತ ಹೇಳುವುದಿಲ್ಲ, ನಿಯಮ ಹೇಳುತ್ತದೆ. ಹಲವು ಕಡೆ, ಮಾರುವವರೇ ಕೊಟ್ಟ ಕೂಪನ್ ಬೆಲೆಯನ್ನೇ ಇಳಿಸುತ್ತದೆ, ಉಳಿದದ್ದಕ್ಕಷ್ಟೇ ತೆರಿಗೆ. ವಸ್ತು ತಯಾರಿಸಿದವರು ಕೊಟ್ಟದ್ದಾದರೆ, ಆ ದುಡ್ಡು ಮಾರುವವರಿಗೆ ಅವರಿಂದ ಬರುತ್ತದೆ. ಅಂಥ ಕೂಪನ್ನು ನೋಟು ಕೊಟ್ಟ ಹಾಗೆ, ತೆರಿಗೆಯ ನಂತರ ಕಳೆಯುತ್ತಾರೆ.

ನಮ್ಮದು ಮಾರುವವರದ್ದೇ. ಅಕ್ಕ ಗೆದ್ದ ಮುಖ ಮಾಡಿಕೊಂಡು ಕೂಪನ್ ಸಂಖ್ಯೆ ಒತ್ತಿದಳು. ತೆರೆಯ ಮೇಲೆ ಬಂದದ್ದು 880. ಕೆಳಗೆ ಇರುವೆ ಸಾಲಿನಂಥ ಅಕ್ಷರ: ರಿಯಾಯಿತಿಯ ನಂತರ ಕನಿಷ್ಠ 1000ದ ಖರೀದಿ ಇದ್ದರೆ ಮಾತ್ರ ಕೂಪನ್.

ನಾನು ಸುಮ್ನೆ 880 ಕೊಡೋಣ ಅಂದೆ. ಭಾವ ಬಿಡಬೇಕಲ್ಲ! 250ರ ಒಂದು ಛತ್ರಿ ಸೇರಿಸಿದರು. ಒಟ್ಟು 1250, ರಿಯಾಯಿತಿ ಆಗಿ ಸರಿಯಾಗಿ 1000, ಕೂಪನ್ ಹೋಗಿ 900, ತೆರಿಗೆ ಸೇರಿ 990. "ನೋಡಿ, 250ರ ಛತ್ರಿ ಬರೀ 110ಕ್ಕೆ ಬಂತು," ಅಂದರು. ಲೆಕ್ಕ ಸರಿಯಾಗಿಯೇ ಇತ್ತು. ಮನೆಯಲ್ಲಿ ಛತ್ರಿ ಎಷ್ಟಿವೆ ಅಂತ ಅಕ್ಕ ಕೇಳಿದ್ದಕ್ಕೆ ಮಾತ್ರ ಅವರು ಉತ್ತರ ಕೊಡಲಿಲ್ಲ.